ಎಕೋ, ಲಿಮಾ

ಮುತ್ಯಾನ ಹಲಗೆ ನವನಗರದ ನಮ್ಮ ಮನೆಯ ಅಟ್ಟದಲ್ಲಿ ಇಪ್ಪತ್ತು ವರ್ಷದಿಂದ ಬಿದ್ದಿತ್ತು. ಸಾಗವಾನಿ ಹಲಗೆ, ಮೊಳಕ್ಕಿಂತ ಸ್ವಲ್ಪ ಜಾಸ್ತಿ ಉದ್ದ. ಅದರ ಮೇಲೆ ಹಿತ್ತಾಳೆಯ ಇಂಗ್ಲಿಷ್ ಅಕ್ಷರಗಳನ್ನು ಸ್ಕ್ರೂ ಹಾಕಿ ಕೂರಿಸಿದ್ದರು. ಮೇಲಿನ ಸಾಲಿನಲ್ಲಿ ಹಡಗಿನ ಹೆಸರು, ಅರ್ಗೋಲಿಸ್. ಕೆಳಗೆ ಎಲ್, ಜೆ, ಟಿ. ಎಲ್‌ಗಿಂತ ಮೊದಲು ಇನ್ನೊಂದು ಅಕ್ಷರ ಇದ್ದಿರಬೇಕು, ಸ್ಕ್ರೂ ತೂತು ಇದ್ದವು. ಮುಳುಗಡೆ ಸಮಯದಲ್ಲಿ ಹಳೆ ಬಾಗಲಕೋಟೆಯಿಂದ ಟ್ರ್ಯಾಕ್ಟರ್‌ನಲ್ಲಿ ಸಾಮಾನು ತರುವಾಗ ಅದು ಎಲ್ಲೋ ಬಿದ್ದುಹೋಯಿತು ಅಂತ ಅಪ್ಪ ಹೇಳುತ್ತಿದ್ದ. ಗೆದ್ದಲು ಹತ್ತದಿರಲಿ ಅಂತ ಹಲಗೆಗೆ ಹಸಿರು ಬಣ್ಣವನ್ನೂ ಅಪ್ಪನೇ ಬಳಿದಿದ್ದ. ಹೀಗಾಗಿ ಬಿದ್ದ ಅಕ್ಷರದ ಗುರುತು ಕೂಡ ಉಳಿದಿರಲಿಲ್ಲ.

ಮುತ್ಯಾ ಹಡಗಿನಲ್ಲಿ ಸುಕಾಣಿ. ಚುಕ್ಕಾಣಿ ಹಿಡಿಯುವವನಿಗೆ ನಮ್ಮ ದೇಶದ ಖಲಾಸಿಗಳು ಹಾಗೇ ಅನ್ನುತ್ತಿದ್ದರು. ಕೃಷ್ಣಾ, ಘಟಪ್ರಭಾ ಬಿಟ್ಟು ಬೇರೆ ನೀರು ಕಾಣದ ಹುಡುಗ ಸೋಲಾಪುರದ ಮೇಲೆ ಮುಂಬೈಗೆ ಹೋಗಿ, ಬಂದರಿನ ಗೋದಿಯಲ್ಲಿ ಹಮಾಲಿ ಮಾಡಿ, ಆಮೇಲೆ ಹಡಗು ಹತ್ತಿದ. ಎಲ್ಲೆಲ್ಲಿಗೆ ಹೋಗಿದ್ದ ಅಂತ ಮನೆಯಲ್ಲಿ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಅವನು 1994ರಲ್ಲಿ ತೀರಿಕೊಂಡ. ನಾನಾಗ ಮೂರು ವರ್ಷದವನು.

ಹೋದ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಹಲಗೆಯನ್ನು ಕೆಳಗಿಳಿಸಿದೆ. ಅದರ ಜೊತೆ ಮುತ್ಯಾನ ಸಿಡಿಸಿ ಪುಸ್ತಕವೂ ಸಿಕ್ಕಿತು. ಯಾವ ಹಡಗಿಗೆ ಯಾವತ್ತು ಸೇರಿದ, ಯಾವತ್ತು ಇಳಿದ ಅಂತ ಸಿಕ್ಕಾ ಹೊಡೆದು ಬರೆಯುವ ಪುಸ್ತಕ ಅದು. ಇದು ಎರಡನೆಯದು, ಮೊದಲನೆಯದು ಕಳೆದಿತ್ತು. ಮೊದಲ ಪುಟದಲ್ಲಿ 1978ರ ಮಾರ್ಚ್, ಹಡಗು 'ಸಮುದ್ರ ಮಂಗಲ', ನೋಂದಣಿ ಬಂದರು ಬಾಂಬೆ, 9,214 ಟನ್. ಪುಸ್ತಕ ಪೂರ್ತಿ ತಿರುವಿದರೂ ಅರ್ಗೋಲಿಸ್ ಅನ್ನುವ ಹೆಸರು ಇರಲಿಲ್ಲ. ಹಾಗಾದರೆ ಈ ಹಲಗೆ ಯಾವ ಹಡಗಿನದು?

ನಾನು ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್. ಲೆಕ್ಕ ತಾಳೆಯಾಗದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ರಾತ್ರಿ ಕೂತು ಓದುತ್ತಾ ಹೋದೆ. ಕೆಳಗಿನ ಸಾಲು ಹಡಗಿನ ಕಾಲ್ ಸೈನ್. ಅಂದರೆ ರೇಡಿಯೋದಲ್ಲಿ ಅದನ್ನು ಕರೆಯುವ ಹೆಸರು. ಮೊದಲ ಒಂದೆರಡು ಅಕ್ಷರ ನೋಡಿದರೆ ಹಡಗು ಯಾವ ದೇಶದ ಧ್ವಜ ಹಾರಿಸುತ್ತದೆ ಅಂತ ತಿಳಿಯುತ್ತದೆ. ಯಾವ ದೇಶಕ್ಕೆ ಯಾವ ಅಕ್ಷರ ಅಂತ ಹಂಚಿಕೊಟ್ಟಿರುವುದು ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ನಮ್ಮ ದೇಶದ್ದು ವಿಟಿ, ವಿಯು, ಎಟಿ ಹೀಗೆ ಶುರುವಾಗುತ್ತವೆ. ಆದರೆ ನನ್ನ ಹತ್ತಿರ ಮೊದಲ ಅಕ್ಷರವೇ ಇರಲಿಲ್ಲ, ಅಲ್ವಾ? ಎಚ್ ಎಲ್ ಆದರೆ ಕೊರಿಯಾ. ಜೆ ಎಲ್ ಆದರೆ ಜಪಾನ್. ಜಿ ಎಲ್ ಆದರೆ ಬ್ರಿಟನ್. ಇ ಎಲ್ ಆದರೆ ಲೈಬೀರಿಯಾ.

ಮರುದಿನ ಬೆಳಿಗ್ಗೆ ಆಯಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ರೇಡಿಯೋದಲ್ಲಿ ಅಕ್ಷರ ತಪ್ಪಾಗಿ ಕೇಳಿಸಬಾರದು ಅಂತ ಪ್ರತಿ ಅಕ್ಷರಕ್ಕೂ ಒಂದು ಪದ ಇಟ್ಟಿರುತ್ತಾರೆ. ಅದನ್ನು ಮೊಬೈಲಿನಲ್ಲಿ ನೋಡಿ ಸುಮ್ನೆ ಜೋರಾಗಿ ಓದಿದೆ. "ಲಿಮಾ, ಜೂಲಿಯೆಟ್, ಟ್ಯಾಂಗೋ."

ಆಯಿಯ ಕೈ ಮೊರದ ಮೇಲೆ ನಿಂತಿತು.

"ಆ ಹೆಸರು ನಿನಗ ಯಾರ್ ಹೇಳಿದ್ರು?"

"ಯಾಕ ಆಯಿ?"

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಜೋಳ ನೋಡುತ್ತಲೇ ಹೇಳಿದಳು. "ನಿಮ್ಮ ಮುತ್ಯಾ ಸಾಯೂ ಮುಂದ ಮೂರು ರಾತ್ರಿ ಜ್ವರದಾಗ ಅದನ್ನ ಕನವರಿಸಿದ. ಎಕೋ, ಲಿಮಾ, ಜೂಲಿ. ಎಕೋ, ಲಿಮಾ, ಜೂಲಿ. ಬಾಜೂಕ ಕುಂತು ನಾ ನೀರ ಹಾಕಾಕತ್ತಿದ್ದೆ. ನನ್ನ ಹೆಸರ ಒಮ್ಮೆನೂ ಬರಲಿಲ್ಲ."

ಎಕೋ ಅಂದರೆ ಇ. ನಾನು ಹುಡುಕುತ್ತಿದ್ದ ಅಕ್ಷರ ಇಷ್ಟು ವರ್ಷ ಆಯಿಯ ಹೊಟ್ಟೆಯೊಳಗೆ ಮುಳ್ಳಾಗಿ ಕೂತಿತ್ತು.

"ಆಯಿ, ಅವು ಹೆಂಗಸರ ಹೆಸರಲ್ಲ. ಅಕ್ಷರ."

"ನನ್ನ ಸಮಾಧಾನಕ್ಕ ಹೇಳಬ್ಯಾಡ ತಮ್ಮಾ. ಮೂವತ್ತು ವರ್ಷ ಆತು. ಇನ್ನೇನೈತಿ ಅದರಾಗ," ಅಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಆವತ್ತೇ ಮುಂಬೈಗೆ ಬಸ್ ಟಿಕೆಟ್ ಮಾಡಿಸಿದೆ. ಬಾಯಿಮಾತಿಗೆ ಆಯಿ ಒಪ್ಪುವವಳಲ್ಲ. ಕಾಗದ ಬೇಕಿತ್ತು.

ಹಡಗಿನ ಕೆಲಸ ಕಲಿಸುವ ಒಂದು ಹಳೆ ಕಾಲೇಜಿನ ಲೈಬ್ರರಿಯಲ್ಲಿ ಲಾಯ್ಡ್ಸ್ ರಿಜಿಸ್ಟರಿನ ದಪ್ಪ ಸಂಪುಟಗಳಿದ್ದವು. ದುನಿಯಾದ ದೊಡ್ಡ ಹಡಗುಗಳನ್ನೆಲ್ಲ ವರ್ಷ ವರ್ಷ ದಾಖಲಿಸುವ ಪುಸ್ತಕ. 1976ರ ಸಂಪುಟ ತೆಗೆದೆ. ಅರ್ಗೋಲಿಸ್ ಇತ್ತು. ಕಾಲ್ ಸೈನ್ ಇ, ಎಲ್, ಜೆ, ಟಿ. ಧ್ವಜ ಲೈಬೀರಿಯಾ. ಬಂದರು ಮನ್ರೋವಿಯಾ. ಟನ್ ಲೆಕ್ಕದ ಕಾಲಮ್ಮಿಗೆ ಬೆರಳಿಟ್ಟೆ, 9,214. ಸಿಡಿಸಿಯಲ್ಲಿದ್ದ ಅದೇ ಅಂಕಿ! 1979ರ ಸಂಪುಟದಲ್ಲಿ ಸಮುದ್ರ ಮಂಗಲ ಹುಡುಕಿದೆ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹಳೆ ಹೆಸರು ಅರ್ಗೋಲಿಸ್. ಧ್ವಜ ಬದಲಾದಾಗ ಹಡಗಿನ ಹೆಸರು ಹೋಗಬಹುದು, ಕಾಲ್ ಸೈನ್ ಅಂತೂ ಹೋಗಲೇಬೇಕು. ಆದರೆ ಲಾಯ್ಡ್ಸ್ ಕೊಟ್ಟ ಏಳು ಅಂಕಿಯ ನಂಬರ್ ಹೋಗುವುದಿಲ್ಲ. ಎರಡೂ ಪುಟದಲ್ಲಿ ನಂಬರ್ ಒಂದೇ. ಹಡಗು ಒಂದೇ. ನನ್ನ ಕೈ ನಡುಗುತ್ತಿತ್ತು, ಫೋಟೋ ಮೂರು ಸಲ ತೆಗೆಯಬೇಕಾಯಿತು.

ಹಳೆ ಧ್ವಜದ ಕಡೆಯಿಂದಲೂ ಒಂದು ಮಾತು ಬರಲಿ ಅನಿಸಿತು. ಲೈಬೀರಿಯಾ ಪಶ್ಚಿಮ ಆಫ್ರಿಕಾದ ಸಣ್ಣ ದೇಶ. 1948ರಲ್ಲಿ ಕಾನೂನು ಮಾಡಿ, ಯಾವ ದೇಶದ ಮಾಲೀಕ ಬೇಕಾದರೂ ತನ್ನ ಹಡಗನ್ನು ಅಲ್ಲಿ ನೋಂದಾಯಿಸಬಹುದು ಅಂತ ಬಾಗಿಲು ತೆರೆಯಿತು. ತೆರಿಗೆ ಕಡಿಮೆ, ಯಾವ ದೇಶದ ಕೆಲಸಗಾರರನ್ನಾದರೂ ಇಟ್ಟುಕೊಳ್ಳಬಹುದು. ಗ್ರೀಕರು, ಅಮೆರಿಕದವರು ಸಾಲುಗಟ್ಟಿ ಬಂದರು. ಮುತ್ಯಾನಂಥವರಿಗೆ ಗ್ರೀಕ್ ಮಾಲೀಕನ ಹಡಗಿನಲ್ಲಿ ಕೆಲಸ ಸಿಕ್ಕಿದ್ದು ಹಾಗೆ. ಸಂಬಳ ಕಡಿಮೆ ಕೊಡಬಹುದು ಅಂತಲೇ ನಮ್ಮವರನ್ನು ತೆಗೆದುಕೊಳ್ಳುತ್ತಿದ್ದರು. ಇದು ನನಗೆ ಈಗಲೂ ನುಂಗಲು ಆಗದ ಮಾತು. ಹಿಂಭಾಗದಲ್ಲಿ ಮನ್ರೋವಿಯಾ ಅಂತ ಬರೆಸಿಕೊಂಡ ಎಷ್ಟೋ ಹಡಗುಗಳು ಆ ಊರಿನ ನೀರನ್ನೇ ಕಂಡಿಲ್ಲ. ರಿಜಿಸ್ಟ್ರಿಯ ಕಚೇರಿ ಕೂಡ ಇವತ್ತು ಇರುವುದು ಅಮೆರಿಕದ ವರ್ಜೀನಿಯಾದಲ್ಲಿ.

ಅಲ್ಲಿಗೆ ಇ-ಮೇಲ್ ಬರೆದೆ. ಅರ್ಗೋಲಿಸ್, ಕಾಲ್ ಸೈನ್, ನಂಬರ್, ಮುತ್ಯಾನ ಹೆಸರು, ಎಲ್ಲ ಹಾಕಿದೆ. ಐದು ವಾರಕ್ಕೆ ಉತ್ತರ ಬಂತು. 1969ರಲ್ಲಿ ನೋಂದಣಿ, 1978ರ ಫೆಬ್ರುವರಿಯಲ್ಲಿ ಭಾರತಕ್ಕೆ ಮಾರಾಟವಾಗಿ ಹೆಸರು ತೆಗೆದುಹಾಕಲಾಗಿದೆ. ಫೆಬ್ರುವರಿಯಲ್ಲಿ ಹಳೆ ಹಲಗೆ ಇಳಿದಿದೆ, ಮಾರ್ಚ್‌ನಲ್ಲಿ ಮುತ್ಯಾ ಅದೇ ಹಡಗಿಗೆ ಹೊಸ ಹೆಸರಿನಲ್ಲಿ ಮತ್ತೆ ಸೇರಿದ್ದಾನೆ. ಎಸೆಯುವ ಹಲಗೆಯನ್ನು ಕೇಳಿ ತಂದಿರಬೇಕು. ರಾತ್ರಿ ಪಾಳಿಯಲ್ಲಿ ಅವನು ಚುಕ್ಕಾಣಿ ಹಿಡಿದು ನಿಂತಾಗ, ಪಕ್ಕದಲ್ಲಿ ಸಾಹೇಬರು ರೇಡಿಯೋದಲ್ಲಿ ಎಕೋ, ಲಿಮಾ, ಜೂಲಿಯೆಟ್, ಟ್ಯಾಂಗೋ ಅಂತ ಕೂಗುತ್ತಿದ್ದರು. ಎಷ್ಟು ಸಾವಿರ ಸಲ ಕೇಳಿರಬೇಕು ಅವನು!

ಸಿಡಿಸಿಯಲ್ಲಿ ಮುತ್ಯಾನ ವಿಳಾಸವೂ ಇದೆ. ತಾಲೂಕು ಬಾಗಲಕೋಟೆ, ಜಿಲ್ಲೆ ಬಿಜಾಪುರ. ಆ ಮನೆ ಈಗ ಹಿನ್ನೀರಿನ ಕೆಳಗಿದೆ.

ಪಾತ್ರೆ ಅಂಗಡಿಯವರ ಹತ್ತಿರ ಹಿತ್ತಾಳೆ ತಗಡಿನಲ್ಲಿ ಒಂದು ಇ ಕತ್ತರಿಸಿಕೊಂಡು ಬಂದೆ. ಹಸಿರು ಬಣ್ಣ ಕೆರೆದು, ಹಳೆ ತೂತಿನಲ್ಲೇ ಸ್ಕ್ರೂ ಹಾಕಿದೆ. ಆಮೇಲೆ ಆಯಿಯ ಮುಂದೆ ಹಲಗೆ, ಸಿಡಿಸಿ, ರಿಜಿಸ್ಟರಿನ ಫೋಟೋ, ವರ್ಜೀನಿಯಾದ ಪತ್ರ ಎಲ್ಲ ಹರಡಿ ನಿಧಾನ ಹೇಳಿದೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಒಂದೊಂದು ಕಾಗದವನ್ನೂ ಕಣ್ಣ ಹತ್ತಿರ ಹಿಡಿದು ನೋಡಿದಳು. ಎರಡು ಪುಟದ ನಂಬರನ್ನು ಬೆರಳಿಟ್ಟು ಒಂದೊಂದೇ ಅಂಕಿ ಹೋಲಿಸಿದಳು.

ಕೊನೆಗೆ ಹಲಗೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಇದರಾಗ ಲಿಮಾ ಯಾವಕಿ?"

ಅವಳ ಬೆರಳು ಹಿಡಿದು ಎಲ್ ಮೇಲೆ ಇಟ್ಟೆ. ಆಯಿ ಸೆರಗಿನ ತುದಿ ತೆಗೆದುಕೊಂಡು ಆ ಅಕ್ಷರವನ್ನು ತಿಕ್ಕತೊಡಗಿದಳು.