ಸಾಧಾರಣ ಕಂಪ್ಯೂಟರ್‌ನಲ್ಲಿ ಮಗಳ ಗೇಮ್‌ಗಳು ನಡೆಯುತ್ತವೆಯೇ?

ಪ್ರಶ್ನೆ: ನನ್ನ ಹನ್ನೊಂದು ವರ್ಷದ ಮಗಳು ಮೈನ್‌ಕ್ರಾಫ್ಟ್, ರೋಬ್ಲಾಕ್ಸ್ ಮತ್ತು ಫೋರ್ಟ್‌ನೈಟ್ ಆಡುತ್ತಾಳೆ. ಅಂಗಡಿಯವರು ಇಂಟೆಲ್ ಕೋರ್ ಐ3-12100 ಪ್ರೊಸೆಸರ್, 8 ಜಿಬಿ ರ‍್ಯಾಮ್ ಮತ್ತು 256 ಜಿಬಿ ಎಸ್‌ಎಸ್‌ಡಿ ಇರುವ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಣ್ಣ ಕ್ಯಾಬಿನೆಟ್‌ನ ಕಂಪ್ಯೂಟರನ್ನು ತೋರಿಸಿದ್ದಾರೆ. ಇದು ಸಾಕೇ?

ಉತ್ತರ: ಮೊದಲ ಎರಡು ಗೇಮ್‌ಗಳಿಗೆ ಸಾಕು. ಫೋರ್ಟ್‌ನೈಟ್ ಕೂಡ ನಡೆಯುತ್ತದೆ, ಆದರೆ ನೀವು ಹೇಳಿದ ಸ್ಥಿತಿಯಲ್ಲಿ ಅದು ಮಗಳಿಗೆ ತೃಪ್ತಿ ಕೊಡಲಾರದು. ಅದಕ್ಕೆ ಕಾರಣ ಪ್ರೊಸೆಸರ್ ಅಲ್ಲ, ರ‍್ಯಾಮ್.

‘ಐ3’ ಎಂಬ ಹೆಸರು ಕೇಳಿದೊಡನೆ ಅನೇಕರು ಮೂಗು ಮುರಿಯುತ್ತಾರೆ. ನಾಲ್ಕು ಕೋರ್ ಹಾಗೂ ಎಂಟು ಥ್ರೆಡ್‌ಗಳಿರುವ ಈ ಪ್ರೊಸೆಸರ್ ನಿಮ್ಮ ಪಟ್ಟಿಯ ಮೂರೂ ಗೇಮ್‌ಗಳಿಗೆ ಧಾರಾಳವಾಗಿ ಸಾಕಾಗುತ್ತದೆ. ಗಮನಿಸಬೇಕಾದದ್ದು ಅದರೊಳಗೇ ಅಡಕವಾಗಿರುವ ಯುಎಚ್‌ಡಿ 730 ಗ್ರಾಫಿಕ್ಸ್. ಇದಕ್ಕೆ ತನ್ನದೇ ಆದ ಮೆಮೊರಿ ಇಲ್ಲದಿರುವುದರಿಂದ, ವಿಂಡೋಸ್ ಮತ್ತು ಗೇಮ್ ಬಳಸುವ ಅದೇ 8 ಜಿಬಿಯಲ್ಲಿ ತನ್ನ ಪಾಲನ್ನೂ ಪಡೆಯಬೇಕಾಗುತ್ತದೆ. ಅದಲ್ಲದೆ, ಇಂತಹ ಕಂಪ್ಯೂಟರ್‌ಗಳಲ್ಲಿ 8 ಜಿಬಿಯನ್ನು ಸಾಮಾನ್ಯವಾಗಿ ಒಂದೇ ರ‍್ಯಾಮ್ ಸ್ಟಿಕ್‌ನಲ್ಲಿ ಕೊಟ್ಟಿರುತ್ತಾರೆ. 3200 ವೇಗದ ಡಿಡಿಆರ್4 ರ‍್ಯಾಮ್ ಒಂದೇ ಚಾನೆಲ್‌ನಲ್ಲಿದ್ದಾಗ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ದತ್ತಾಂಶ ಸಾಗಬಲ್ಲದು. ಅಂಥದೇ ಎರಡನೆಯ ಸ್ಟಿಕ್ಕನ್ನು ಎರಡನೆಯ ಚಾನೆಲ್‌ನಲ್ಲಿ ಹಾಕಿದರೆ ಆ ಮಿತಿ 51.2 ಜಿಬಿಗೆ ಏರುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ನಿಮ್ಮ ಮಗಳಿಗೆ ಮಾತ್ರ ಪರದೆಯ ಮೇಲೆಯೇ ಕಾಣಿಸುತ್ತದೆ. ಆದ್ದರಿಂದ ಖರೀದಿಸುವಾಗಲೇ ಇನ್ನೊಂದು 8 ಜಿಬಿ ಸ್ಟಿಕ್ ಹಾಕಿಸಿಕೊಳ್ಳಿ. ಐ5 ಪ್ರೊಸೆಸರ್‌ಗೆ ಹೆಚ್ಚು ಹಣ ತೆರುವುದಕ್ಕಿಂತ ಇದು ಎಷ್ಟೋ ಲಾಭದಾಯಕ.

ರೋಬ್ಲಾಕ್ಸ್ ಹಗುರವಾದದ್ದು, ಅದರ ಬಗ್ಗೆ ಚಿಂತೆ ಬೇಡ. ಮೈನ್‌ಕ್ರಾಫ್ಟ್‌ನ ವಿಷಯದಲ್ಲಿ ಮಗಳು ಯಾವ ಆವೃತ್ತಿಯನ್ನು ಆಡುತ್ತಾಳೆಂದು ಅವಳನ್ನೇ ಕೇಳಿ. ಬೆಡ್‌ರಾಕ್ ಆವೃತ್ತಿ ಸಾಧಾರಣ ಯಂತ್ರದಲ್ಲಿಯೂ ಸರಾಗವಾಗಿ ನಡೆಯುತ್ತದೆ. ಜಾವಾ ಆವೃತ್ತಿ ಅದಕ್ಕಿಂತ ಭಾರವಾದರೂ, ಸೆಟ್ಟಿಂಗ್ಸ್‌ನಲ್ಲಿ Render Distance ಅನ್ನು 8ರ ಆಸುಪಾಸಿಗೆ ಇಳಿಸಿದರೆ ಅಥವಾ ಸೋಡಿಯಂ ಎಂಬ ಉಚಿತ ಮಾಡ್ ಹಾಕಿಕೊಂಡರೆ ಚೆನ್ನಾಗಿಯೇ ಸಾಗುತ್ತದೆ. ಆದರೆ ನೀರಿನಲ್ಲಿ ಆಕಾಶದ ಪ್ರತಿಬಿಂಬ ಮೂಡಿಸುವ ಶೇಡರ್‌ಗಳನ್ನು ಅವಳು ಯಾವುದೋ ವಿಡಿಯೊದಲ್ಲಿ ನೋಡಿ ಆಸೆಪಟ್ಟಿದ್ದರೆ (ಈ ವಯಸ್ಸಿನ ಮಕ್ಕಳು ಬಹುತೇಕ ಪಟ್ಟಿರುತ್ತಾರೆ), ಈ ಕಂಪ್ಯೂಟರ್‌ಗೆ ಅದು ಆಗದ ಕೆಲಸವೆಂದು ಮುಂಚೆಯೇ ತಿಳಿಸಿಬಿಡಿ.

ಫೋರ್ಟ್‌ನೈಟ್‌ಗೆ ಬೇಕಾದ ಕನಿಷ್ಠ ಗ್ರಾಫಿಕ್ಸ್ ಎಂದು ಅದರ ತಯಾರಕರು ಹೆಸರಿಸಿದ್ದ ಎಚ್‌ಡಿ 4000, ನಿಮಗೆ ತೋರಿಸಿರುವುದಕ್ಕಿಂತ ಬಹಳ ಹಳೆಯದು ಮತ್ತು ದುರ್ಬಲ. ಹಾಗೆಂದು ಕನಿಷ್ಠ ಅರ್ಹತೆಯನ್ನು ನಂಬಿ ಖರೀದಿಸಬಾರದು. ಗೇಮ್ ತೆರೆದುಕೊಳ್ಳುವುದು ಬೇರೆ, ಎದುರಾಳಿ ನುಗ್ಗಿ ಬಂದ ಕ್ಷಣದಲ್ಲಿ ಚಿತ್ರ ತಡವರಿಸದೆ ಇರುವುದು ಬೇರೆ. ಎರಡು ಸ್ಟಿಕ್ ರ‍್ಯಾಮ್ ಇದ್ದು, ವಿಡಿಯೊ ಸೆಟ್ಟಿಂಗ್ಸ್‌ನಲ್ಲಿ Performance ಎಂಬ ರೆಂಡರಿಂಗ್ ಮೋಡ್ ಆರಿಸಿ, ರೆಸಲ್ಯೂಷನ್ನನ್ನು ಸ್ವಲ್ಪ ತಗ್ಗಿಸಿದರೆ, ಹುಲ್ಲು ಮರಗಳ ಚೆಲುವು ಕಡಿಮೆಯಾದರೂ ಆಟ ಆಡುವಂತಿರುತ್ತದೆ. ನಿಮ್ಮ ಮಾನಿಟರ್ 60 ಹರ್ಟ್ಸ್‌ನದಾಗಿದ್ದರೆ ಸೆಕೆಂಡಿಗೆ 60 ಚಿತ್ರಗಳಿಗಿಂತ ಹೆಚ್ಚನ್ನು ಅದು ತೋರಿಸಲಾರದಾದ್ದರಿಂದ, ಅದಕ್ಕೂ ಮೀರಿದ ಸಂಖ್ಯೆಗಳ ಹಿಂದೆ ಬೀಳಬೇಕಾಗಿಲ್ಲ.

ಎಸ್‌ಎಸ್‌ಡಿ ಬೇಗ ತುಂಬುತ್ತದೆ; 512 ಜಿಬಿಯದನ್ನು ಕೇಳಿ, ಇಲ್ಲವೇ ಇನ್ನೊಂದು ಎಸ್‌ಎಸ್‌ಡಿಗೆ ಜಾಗವಿದೆಯೇ ಎಂದು ವಿಚಾರಿಸಿ.

ನನಗೆ ಹೆಚ್ಚು ಅನುಮಾನವಿರುವುದು ಆ ಸಣ್ಣ ಕ್ಯಾಬಿನೆಟ್ ಬಗ್ಗೆ. ಎರಡು ವರ್ಷ ಕಳೆದ ಮೇಲೆ ಮಗಳ ಅಭಿರುಚಿ ಬದಲಾಗಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕಾಗಿ ಬಂದರೆ, ಪೂರ್ಣ ಎತ್ತರದ ಕಾರ್ಡ್ ಅದರಲ್ಲಿ ಕೂರುವುದಿಲ್ಲ, ಜೊತೆಗೆ ಇಂತಹ ಕ್ಯಾಬಿನೆಟ್‌ಗಳ ಪವರ್ ಸಪ್ಲೈ ಹಲವೊಮ್ಮೆ ಕಡಿಮೆ ಶಕ್ತಿಯದು ಮತ್ತು ಬೇರೆಯದರೊಂದಿಗೆ ಬದಲಾಯಿಸಲಾಗದ ಆಕಾರದ್ದಾಗಿರುತ್ತದೆ. ಆಗ ಉಳಿಯುವ ಆಯ್ಕೆಗಳು ಬೆರಳೆಣಿಕೆಯಷ್ಟು: 75 ವ್ಯಾಟ್‌ನೊಳಗೆ, ಮದರ್‌ಬೋರ್ಡ್‌ನಿಂದಲೇ ವಿದ್ಯುತ್ ಪಡೆಯುವ, 6 ಜಿಬಿಯ ಆರ್‌ಟಿಎಕ್ಸ್ 3050ರಂಥ ಕಾರ್ಡ್‌ಗಳ ಲೋ-ಪ್ರೊಫೈಲ್ ಮಾದರಿಗಳು. ಇದೇ ಪ್ರೊಸೆಸರ್ ಸಾಮಾನ್ಯ ಟವರ್ ಕ್ಯಾಬಿನೆಟ್‌ನಲ್ಲಿ ಸಿಗುವುದಾದರೆ ಕಣ್ಣುಮುಚ್ಚಿ ಅದನ್ನೇ ಆರಿಸಿಕೊಳ್ಳಿ.

ಹಣ ಕೊಡುವ ಮುನ್ನ ಅಂಗಡಿಯಲ್ಲಿಯೇ ಕಂಪ್ಯೂಟರ್ ಆನ್ ಮಾಡಿಸಿ, ಟಾಸ್ಕ್ ಮ್ಯಾನೇಜರ್‌ನ Performance ವಿಭಾಗದಲ್ಲಿ Memory ಮೇಲೆ ಒತ್ತಿ, Slots used ಎಂಬಲ್ಲಿ ಏನಿದೆಯೆಂದು ನೋಡಿ. ‘1 of 2’ ಎಂದಿದ್ದರೆ ಎರಡನೆಯ ಸ್ಟಿಕ್‌ಗೆ ಜಾಗವಿದೆ. ಅದನ್ನು ಅವರೇ ಹಾಕಿಕೊಡಲಿ, ವಾರಂಟಿ ಅದರಿಂದ ರದ್ದಾಗುವುದಿಲ್ಲವೆಂದು ಬಿಲ್‌ನಲ್ಲಿ ಬರೆದುಕೊಡಲಿ.