ದಸರೆಗೆ ಮೈಸೂರಿಗೆ ಬಂತು ಇಳಕಲ್ ಮಗ್ಗ: ಶಿವರಾಂಪೇಟೆಯಲ್ಲಿ ಸೆ. 24ರಂದು ನೇಕಾರರ ಸೀರೆ ಮಳಿಗೆ ಶುರು

ಹನ್ನೆರಡು ನೇಕಾರ ಮನೆಗಳು ಸೇರಿ ನಡೆಸುವ ಅಂಗಡಿಗೆ ಊರಾಚೆ ಇದೇ ಮೊದಲ ಶಾಖೆ; ಮಳಿಗೆಯೊಳಗೇ ಮಗ್ಗ, ಕಣ್ಣೆದುರೇ ನೇಯ್ಗೆ

ಪತ್ರಿಕಾ ಪ್ರಕಟಣೆ

ಮೈಸೂರು, ಸೆಪ್ಟೆಂಬರ್ 20, 2025: ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಹನ್ನೆರಡು ನೇಕಾರ ಮನೆಗಳು ಸೇರಿ ನಡೆಸುತ್ತಿರುವ ಕೈಮಗ್ಗ ಸೀರೆ ಅಂಗಡಿಯ ಮೊದಲ ಶಾಖೆ ದಸರೆಯ ಮೂರನೇ ದಿನ, ಸೆಪ್ಟೆಂಬರ್ 24ರ ಬುಧವಾರ ಬೆಳಿಗ್ಗೆ 10.30ಕ್ಕೆ ಮೈಸೂರಿನ ಶಿವರಾಂಪೇಟೆಯಲ್ಲಿ ಬಾಗಿಲು ತೆರೆಯುತ್ತದೆ. ನಮ್ಮ ಮನೆಗಳ ಪೈಕಿ ಎಲ್ಲರಿಗಿಂತ ಹಿರಿಯರಾದ, ಚಿಕ್ಕಂದಿನಿಂದ ಕಂಡಿಕೆ ಸುತ್ತುತ್ತ ಬಂದಿರುವ ಅಜ್ಜಿಯೊಬ್ಬರು ದೀಪ ಹಚ್ಚುತ್ತಾರೆ. ಮಳಿಗೆಯಲ್ಲಿ ಕೈಮಗ್ಗದ ಇಳಕಲ್ ಸೀರೆ, ಕಸೂತಿ ಹಾಕಿದ ಸೀರೆ, ಕುಪ್ಪಸಕ್ಕೆ ಗುಳೇದಗುಡ್ಡದ ಖಣ ಸಿಗುತ್ತವೆ. ಅಕ್ಟೋಬರ್ 2ರ ವಿಜಯದಶಮಿವರೆಗೆ ದಿನವೂ ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ ನೇಕಾರರೊಬ್ಬರು ಮಳಿಗೆಯಲ್ಲೇ ಕೂತು ನೇಯುತ್ತಾರೆ. ಜಂಬೂ ಸವಾರಿಯ ದಿನ ಮಾತ್ರ ಮಧ್ಯಾಹ್ನ 12ಕ್ಕೇ ಬಾಗಿಲು ಹಾಕುತ್ತೇವೆ. ಅಷ್ಟು ದೂರದಿಂದ ಬಂದ ನಮ್ಮವರೂ ಸವಾರಿ ನೋಡಬೇಕಲ್ವಾ?

ಮಗ್ಗವನ್ನು ಸುಮ್ನೆ ಅಲಂಕಾರಕ್ಕೆ ತಂದಿಲ್ಲ. ಇಳಕಲ್ ಸೀರೆಯ ಗುಟ್ಟು ಇರುವುದು ಅದರ ಸೆರಗು ಒಡಲಿಗೆ ಸೇರುವ ಜಾಗದಲ್ಲಿ. ಒಡಲಿನ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು, ಹೆಚ್ಚಾಗಿ ಹತ್ತಿಯದು, ಸೆರಗಿನದು ರೇಷ್ಮೆ. ಎರಡೂ ಬೇರೆ ಬೇರೆ ಹಾಸು. ಇವುಗಳ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಇದಕ್ಕೆ ನಮ್ಮಲ್ಲಿ ತೋಪು ತೆನೆ ಅನ್ನುತ್ತಾರೆ. ಒಂದು ಎಳೆ ತಪ್ಪಿದರೂ ಸೆರಗಿನಲ್ಲಿ ಗೆರೆ ಎದ್ದು ಕಾಣುತ್ತದೆ. ಸೀರೆ ಕೊಳ್ಳುವವರು ಬಣ್ಣ ನೋಡುತ್ತಾರೆ, ಅಂಚಿನ ಚಿಕ್ಕಿ ಪರಾಸು, ಗೋಮಿ ವಿನ್ಯಾಸ ನೋಡುತ್ತಾರೆ. ಈ ಕೊಂಡಿಯ ಕಡೆ ಕಣ್ಣು ಹೋಗುವುದು ಕಡಿಮೆ. ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದ್ದರೂ ಯಂತ್ರದ ಮಗ್ಗದಲ್ಲಿ ನೇಯ್ದ ಸೀರೆ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಎರಡೂ ಪಕ್ಕಪಕ್ಕ ಇದ್ದಾಗ ವ್ಯತ್ಯಾಸ ತಿಳಿಯುವುದು ಕಷ್ಟ. ಕೊಂಡಿ ಹಾಕುವುದನ್ನು ಒಮ್ಮೆ ಹತ್ತಿರದಿಂದ ನೋಡಿದವರು ಮುಂದೆ ಎಲ್ಲಿ ಸೀರೆ ಕೊಂಡರೂ ಮೊದಲು ಸೆರಗು ತಿರುಗಿಸಿ ನೋಡುತ್ತಾರೆ. ಆ ರೂಢಿ ಮೈಸೂರಿನಲ್ಲಿ ಬೆಳೆಯಲಿ ಎಂಬ ಆಸೆಯಿಂದಲೇ ಮಗ್ಗ ತಂದಿದ್ದೇವೆ.

ಊರಲ್ಲಿ ನಮ್ಮದು ಕುಣಿಮಗ್ಗ. ನೇಕಾರರು ನೆಲದ ಮಟ್ಟದಲ್ಲಿ ಕೂತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯುತ್ತಾರೆ. ಬಾಡಿಗೆ ಮಳಿಗೆಯಲ್ಲಿ ನೆಲ ಅಗೆಯುವಂತಿಲ್ಲ. ಅದಕ್ಕೇ ಎರಡೂವರೆ ಅಡಿ ಎತ್ತರದ ಮರದ ಕಟ್ಟೆ ಮಾಡಿಸಿ, ಅದರ ನಡುವೆ ಕುಣಿಯಷ್ಟು ಜಾಗ ಬಿಟ್ಟು ಮಗ್ಗ ಕೂರಿಸಿದ್ದೇವೆ. ಇದರಿಂದ ಒಂದು ಅನುಕೂಲವೂ ಆಯಿತು. ಊರಲ್ಲಿ ಬಗ್ಗಿ ನೋಡಬೇಕಾದ ಲಾಳಿಯ ಓಟ ಇಲ್ಲಿ ಮಕ್ಕಳಿಗೂ ನಿಂತಲ್ಲೇ ಕಾಣುತ್ತದೆ. ಅಕ್ಟೋಬರ್ 1ರ ಆಯುಧಪೂಜೆಗೆ ಈ ಮಗ್ಗಕ್ಕೂ ಪೂಜೆ ಇದೆ, ಯಾರು ಬೇಕಾದರೂ ಬರಬಹುದು.

ಮೈಸೂರು ಸೀರೆಯ ಬೆಲೆ ಬಲ್ಲ ಊರು. 1912ರಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆ ಇಲ್ಲಿಯದು. ಇಂಥ ಊರಿಗೆ ನಮ್ಮ ಸೀರೆ ತರುವಾಗ ಸ್ವಲ್ಪ ಅಳುಕಿತ್ತು, ಈಗ ಹೆಮ್ಮೆಯೇ ಜಾಸ್ತಿ. ಹಬ್ಬದ ರಿಯಾಯಿತಿ ಇಟ್ಟಿಲ್ಲ. ಬೆಲೆ ಏರಿಸಿ ಇಳಿಸುವುದು ನಮಗೆ ಸರಿ ಕಾಣಲಿಲ್ಲ, ಊರಿನ ಅಂಗಡಿಯ ಬೆಲೆಯೇ ಇಲ್ಲೂ ಇರುತ್ತದೆ. ಪ್ರತಿ ಸೀರೆಯ ಚೀಟಿಯಲ್ಲಿ ನೇಯ್ದವರ ಹೆಸರು ಮತ್ತು ಅದು ಎಷ್ಟು ದಿನದ ಕೆಲಸ ಎಂಬುದನ್ನು ಬರೆದಿದ್ದೇವೆ. ಕೊಳ್ಳದೆ ಬರೀ ನೋಡಿ ಹೋಗುವವರಿಗೂ ಸ್ವಾಗತ. ಪತ್ರಕರ್ತರು ಮತ್ತು ಫೋಟೋ ತೆಗೆಯುವವರು ಬುಧವಾರ 10 ಗಂಟೆಗೇ ಬಂದರೆ ಒಳ್ಳೆಯದು. ಹೊಸ ಹಾಸಿನ ಮೊದಲ ಕೊಂಡಿ ಹಾಕುವುದು ಆಗಲೇ.