ಆರೂವರೆಗೆ ಗೊತ್ತಾಗ್ತದ

ಬಸಣ್ಣನ ಫೈಲಿನ ಹೆಸರು `STOCK_ASLI.xlsx`. ಶೋಭಕ್ಕನದು `STOCK_FINAL_OK.xlsx`. ಒಬ್ಬರಿಗೆ ಇನ್ನೊಬ್ಬರ ಮೇಲೆ ಎಷ್ಟು ನಂಬಿಕೆ ಅನ್ನೋದು ಹೆಸರಿನಲ್ಲೇ ಇದೆ.

ನಮ್ಮದು ವಿಜಯಪುರದಲ್ಲಿ, ಸೋಲಾಪುರ ರಸ್ತೆ ಕಡೆಯ ಕೋಲ್ಡ್ ಸ್ಟೋರೇಜ್. ಸುತ್ತಲಿನ ದ್ರಾಕ್ಷಿ ಬೆಳೆಗಾರರು ಒಣದ್ರಾಕ್ಷಿ ತಂದು ಇಡುತ್ತಾರೆ. ಶೆಡ್ಡಿನ ಬಲೆ ಮೇಲೆ, ನೆರಳಲ್ಲಿ ಒಣಗಿಸಿ ಹಸಿರು ಬಣ್ಣ ಉಳಿಸಿಕೊಂಡ ಮಾಲು ಅದು. ನಮ್ಮೂರಿನ ಮೇ ತಿಂಗಳ ಸೆಕೆಯಲ್ಲಿ ಹೊರಗೆ ಬಿಟ್ಟರೆ ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಹೋದರೆ ರೇಟೂ ಹೋಯಿತು. ಅದಕ್ಕೇ ಹದಿನೈದು ಕಿಲೋ ಬಾಕ್ಸ್ ಕಟ್ಟಿ, ನಮ್ಮ ಚೇಂಬರ್‌ನಲ್ಲಿ ಇಟ್ಟು, ಒಳ್ಳೆ ರೇಟು ಬರುವ ತನಕ ಕಾಯುತ್ತಾರೆ. ಬಾಕ್ಸ್ ಒಳಗೆ ಬಂದಾಗ, ಹೊರಗೆ ಹೋದಾಗ ತೂಕ ಹಾಕುವುದು ನನ್ನ ಕೆಲಸ. ಕಾಟಾದ ಕಿಟಕಿ ಆಫೀಸಿನ ಕಡೆಗೇ ಇರೋದರಿಂದ ಜಗಳ ಕೇಳುವುದೂ ನನ್ನ ಕೆಲಸವೇ.

ಆವತ್ತು ಸೋಮವಾರ. ಮಧ್ಯಾಹ್ನ ಮೂರರ ಹೊತ್ತಿಗೆ ತಾಸಗಾಂವದ ಲಾರಿ ಬಂದು ಗೇಟಿನಲ್ಲಿ ನಿಂತಿತು. ತಿಕೋಟಾದ ಶಿವಪ್ಪ ಕಾಕಾನ ಮಾಲು, ಲಾಟ್ `T-118`, 240 ಬಾಕ್ಸ್. ವ್ಯಾಪಾರ ಕುದುರಿದೆ, ದುಡ್ಡೂ ಬಂದಿದೆ. ಗೇಟ್ ಪಾಸ್ ಒಂದು ಹರಿದು ಕೊಟ್ಟರೆ ಆಯಿತು.

ಶೋಭಕ್ಕ ತನ್ನ ಶೀಟ್ ತೆಗೆದಳು. ಕನ್ನಡಕ ಮೇಲೇರಿಸಿದಳು.

"ಬಸಣ್ಣ, ಈ ಮಾಲು ಎಲ್ಲೈತಿ? ಶನಿವಾರನೇ ಹೋಗೇತಲ್ಲ."

"ಎಲ್ಲಿ ಹೋಗ್ತದ್ರಿ? ಮೂರನೇ ಚೇಂಬರ್‌ನ್ಯಾಗ ಕುಂತೈತಿ."

"ನನ್ನ ಶೀಟ್‌ನ್ಯಾಗ ಸೊನ್ನೆ ಐತಿ."

"ನಿಮ್ಮ ಶೀಟ್‌ನ್ಯಾಗ ಸೊನ್ನೆ ಇದ್ರ ಚೇಂಬರ್‌ನ್ಯಾಗಿನ ಬಾಕ್ಸ್ ಆವಿ ಆಗ್ತಾವೇನ್ರಿ?"

ಇಷ್ಟಕ್ಕೇ ನಿಂತಿದ್ದರೆ ಒಂದು ಚಹಾದಲ್ಲಿ ಮುಗಿಯುತ್ತಿತ್ತು. ಆದರೆ ಶೋಭಕ್ಕ ಒಟ್ಟು ಮೊತ್ತ ಕೇಳಿದಳು. ಬಸಣ್ಣನ ಶೀಟಿನಲ್ಲಿ ಇಡೀ ಸ್ಟೋರೇಜಿನ ಸ್ಟಾಕ್ 11,620 ಬಾಕ್ಸ್. ಅವಳದರಲ್ಲಿ 11,380. ಕಳೆದು ನೋಡಿದರೆ ಸರಿಯಾಗಿ 240.

"ನೋಡಿದ್ರಿಲ್ಲೊ? ಹೋದ ಮಾಲನ್ನ ನೀವು ಇನ್ನೂ ಹಿಡಕೊಂಡು ಕುಂತೀರಿ!"

"ಇದ್ದ ಮಾಲನ್ನ ನೀವು ಕಳಿಸೀರಿ!"

ನ್ಯಾಯವಾಗಿ ನೋಡಿದರೆ ಇಬ್ಬರ ಶೀಟೂ ಬೇಕಾಗಿರಲಿಲ್ಲ. ಸಾವಕಾರ್ರು ದುಡ್ಡು ಸುರಿದು ಒಂದು ಸಾಫ್ಟ್‌ವೇರ್ ಹಾಕಿಸಿದ್ದಾರೆ. ಪ್ರತಿ ಲಾಟ್‌ಗೆ ಬಾರ್‌ಕೋಡ್ ಸ್ಟಿಕರ್. ಚೇಂಬರ್ ಬಾಗಿಲಲ್ಲಿ ಹುಡುಗರು ಕೈ ಸ್ಕ್ಯಾನರ್ ಹಿಡಿದು ಹೊಡೆಯುತ್ತಾರೆ. ಆದರೆ ಚೇಂಬರ್ ಗೋಡೆ ತಗಡಿನದು, ಮಧ್ಯೆ ದಪ್ಪ ಫೋಮ್. ಒಳಗೆ ಮೊಬೈಲ್ ಸಿಗ್ನಲ್ಲೂ ಇಲ್ಲ, ವೈಫೈಯೂ ಇಲ್ಲ. ಹಾಗಾಗಿ ಸ್ಕ್ಯಾನ್ ಆಗಿದ್ದೆಲ್ಲ ಸ್ಕ್ಯಾನರ್ ಹೊಟ್ಟೆಯಲ್ಲೇ ಇರುತ್ತದೆ. ಸಂಜೆ ಅದನ್ನು ಆಫೀಸಿನ ಚಾರ್ಜರ್ ಮೇಲೆ ಕೂರಿಸಬೇಕು. ಆರೂವರೆಗೆ ಸಿಂಕ್ ತಾನಾಗಿ ಓಡಿ, ಎಲ್ಲವನ್ನೂ ಎಳೆದುಕೊಂಡು `STOCK_LIVE` ಅನ್ನೋ ಶೀಟ್ ತುಂಬುತ್ತದೆ. ಹೆಸರು ಲೈವ್. ಆದರೆ ದಿನವಿಡೀ ಅದು ತೋರಿಸೋದು ನಿನ್ನೆಯ ಲೆಕ್ಕ. ಅದಕ್ಕೇ ಬಸಣ್ಣ ಒಂದು ಸ್ವಂತ ಶೀಟ್ ಶುರು ಮಾಡಿದ. ಅವನ ಮೇಲೆ ಭರವಸೆ ಇಲ್ಲದೆ ಶೋಭಕ್ಕ ಇನ್ನೊಂದು.

"ಈಗಲೇ ಸಿಂಕ್ ಮಾಡ್ರಿ, ಮುಗೀತು" ಅಂದೆ ನಾನು ಕಿಟಕಿಯಿಂದ.

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಹಿಂದೊಮ್ಮೆ ಅರ್ಧ ಲಾರಿ ಲೋಡ್ ಆಗಿರುವಾಗ ಯಾರೋ ಆ ಬಟನ್ ಒತ್ತಿ, ಅರ್ಧ ಲಾಟ್ ಒಳಗೆ, ಅರ್ಧ ಹೊರಗೆ ಅಂತ ದಾಖಲಾಗಿ, ಎರಡು ದಿನ ಲೆಕ್ಕ ಸಿಕ್ಕಿರಲಿಲ್ಲ. ಆವತ್ತಿನಿಂದ ಹುಬ್ಬಳ್ಳಿಯ ಸಾಫ್ಟ್‌ವೇರ್ ಹುಡುಗ ಬಟನ್‌ಗೆ ಬೀಗ ಹಾಕಿದ್ದಾನೆ. ಫೋನ್ ಮಾಡಿದರೆ, "ಆರೂವರೆಗೆ ತಾನಾ ಆಗ್ತದ್ರಿ ಸರ್" ಅಂದ. ಅವನಿಗೇನು, ಗೇಟಿನಲ್ಲಿ ಲಾರಿ ನಿಂತಿರೋದು ನಮ್ಮದು.

ಇನ್ನು ಕಣ್ಣಾರೆ ನೋಡೋದೊಂದೇ ದಾರಿ. ಬಸಣ್ಣ ಹೊರಗಿನ ಕಡುಬಿಸಿಲಿನಿಂದ ನೇರ ಮೂರನೇ ಚೇಂಬರ್‌ಗೆ ನುಗ್ಗಿದ. ಅಂಗಿಯ ಮೇಲೆ ಹಳೇ ಜರ್ಕಿನ್, ತಲೆಗೆ ಟವೆಲ್. ಶೋಭಕ್ಕನೂ ಬಿಡಲಿಲ್ಲ. ಸೆರಗು ಕಿವಿ ತನಕ ಸುತ್ತಿಕೊಂಡು ಹಿಂದೆಯೇ ಹೊರಟಳು. ಆಫೀಸಿಗೆ ಬಂದ ಮೇಲೆ ಚೇಂಬರ್ ಒಳಗೆ ಆಕೆ ಕಾಲಿಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹತ್ತು ನಿಮಿಷಕ್ಕೆ ಇಬ್ಬರೂ ಹೊರಗೆ ಬಂದರು. ಶೋಭಕ್ಕನ ಕನ್ನಡಕ ಪೂರ್ತಿ ಮಂಜು ಹಿಡಿದಿತ್ತು. ಸೆರಗಿನಲ್ಲಿ ಒರೆಸುತ್ತಾಳೆ, ಮತ್ತೆ ಮಂಜು.

"ಬಾಕ್ಸ್ ಅದಾವ" ಅಂದ ಬಸಣ್ಣ, ಗೆದ್ದವನ ಹಾಗೆ.

"ಅದಾವ. ಯಾರದು ಅಂತ ಹೇಳ್ರಿ ಮತ್ತ?"

ತೊಡಕು ಇದ್ದದ್ದೇ ಅಲ್ಲಿ. ಅದೇ ಮೂಲೆಯಲ್ಲಿ ಎರಡು ಲಾಟ್ ಅಕ್ಕಪಕ್ಕ ಇಟ್ಟಿದ್ದರು. ಎರಡೂ 240 ಬಾಕ್ಸ್, ಒಂದೇ ಅಂಗಡಿಯ ರಟ್ಟು. ಈಗ ಉಳಿದಿರೋದು ಒಂದೇ ಅಟ್ಟಿ. ಸ್ಟಿಕರ್ ಇರುವ ಮಗ್ಗುಲು ಗೋಡೆಗೆ ಮುಖ ಮಾಡಿದೆ. ಮುಂದೆ ಬೇರೆ ರೈತರ ಮಾಲು ಮಾಳಿಗೆ ಮುಟ್ಟುವ ಹಾಗೆ ನಿಂತಿದೆ.

"ಮುಂದಿನ ಸಾಲು ತೆಗಸ್ರಿ, ಕಾಣ್ತದ" ಅಂದೆ.

ಹಮಾಲರ ಮುಖಂಡ ದುರ್ಗಪ್ಪ ಗೋಡೆಗೆ ಒರಗಿ ತಂಬಾಕು ತಿಕ್ಕುತ್ತಿದ್ದ. "ತೆಗೀತೀವ್ರಿ. ತೆಗ್ಯಾಕ ಒಂದು ಕೂಲಿ, ತಿರುಗಿ ಇಡಾಕ ಒಂದು ಕೂಲಿ. ಯಾರ ಖಾತೆಗೆ ಬರಕೊಳ್ಳಲಿ?"

"ಯಾರ ಶೀಟ್ ಸುಳ್ಳೋ ಅವರ ಖಾತೆಗೆ" ಅಂದಳು ಶೋಭಕ್ಕ.

"ಬರಕೋ, ಶೋಭಕ್ಕಾರ ಖಾತೆಗೆ" ಅಂದ ಬಸಣ್ಣ.

ದುರ್ಗಪ್ಪ ತಂಬಾಕು ತುಟಿಗಿಟ್ಟು, ಹೋಗಿ ಬೇವಿನ ಮರದ ನೆರಳಲ್ಲಿ ಮಲಗಿದ. ಆವತ್ತು ಆ ಕಾಂಪೌಂಡಿನಲ್ಲಿ ತಲೆ ನೆಟ್ಟಗಿದ್ದವನು ಅವನೊಬ್ಬನೇ ಅಂತ ನನಗೆ ಅನಿಸಿತು.

ನಾಲ್ಕೂವರೆ. ಮಿರ್ಚಿ ಬಂತು, ಚುನಮುರಿ ಬಂತು. ಬೇರೆ ದಿನ ಒಂದೇ ಪೇಪರಿನಲ್ಲಿ ತಿನ್ನುವವರು ಆವತ್ತು ಬೇರೆ ಬೇರೆ ಪೇಪರ್ ಹಾಸಿಕೊಂಡರು. ಬಾಯಿ ತುಂಬಿಕೊಂಡೇ ಜಗಳ ಮುಂದುವರಿಯಿತು. ಶೋಭಕ್ಕನ ಹತ್ತಿರ ಶನಿವಾರದ ಗೇಟ್ ಪಾಸ್ ಇದೆ. 240 ಬಾಕ್ಸ್ ಹೊರಗೆ ಹೋಗಿದ್ದು ಖರೇ. ಬಸಣ್ಣನಿಗೆ ಅದೇ ಒಪ್ಪಿಗೆ ಇಲ್ಲ. ಶನಿವಾರ ಯಾವ ಲಾರಿಯೂ ಬಂದಿಲ್ಲ ಅನ್ನೋದು ಅವನ ವಾದ.

"ನೀವು ಎಷ್ಟೊತ್ತಿಗೆ ಮನಿಗೆ ಹೋದ್ರಿ ಶನಿವಾರ?"

"ಐದಕ್ಕ. ಅಳಿಯನ ಊರಾಗ ಸೀಮಂತ ಇತ್ತು."

"ಲಾರಿ ಬಂದಿದ್ದು ರಾತ್ರಿ ಎಂಟಕ್ಕ."

ಬಸಣ್ಣ ಮಿರ್ಚಿ ಕಚ್ಚುವುದು ನಿಲ್ಲಿಸಿದ. ಒಂದೇ ಕ್ಷಣ. "ಬಂದಿದ್ರೂ ಇರಬೇಕು. ಆದ್ರ ಶಿವಪ್ಪ ಕಾಕಾನ ಮಾಲಲ್ಲ ಅದು. ಕಾಕಾ ನನಗ ಹೇಳದ ಒಂದು ಬಾಕ್ಸ್ ಸೈತ ಹೊರಗ ಬಿಡೂದಿಲ್ಲ."

"ಪಾಸ್ ಮ್ಯಾಲ ಬರದೈತಿ."

"ತೋರಸ್ರಿ."

ಶೋಭಕ್ಕ ಪಾಸ್ ತೆಗೆದು ಮೇಜಿನ ಮೇಲೆ ಇಟ್ಟಳು. ರಾತ್ರಿ ಪಾಳಿಯ ಹುಡುಗನ ಅಕ್ಷರ. ಕಾರ್ಬನ್ ಪ್ರತಿ ಬೇರೆ. 1 ಅಂತೂ ಕಾಣುತ್ತದೆ. ಅದರ ಮುಂದಿನದು 18 ಇರಬಹುದು, 81 ಇರಬಹುದು, ಒಂದು ಇರುವೆ ಸತ್ತು ಬಿದ್ದಿರಲೂಬಹುದು. ಇಬ್ಬರೂ ಬಗ್ಗಿ ನೋಡಿದರು. ಅವಳು 18 ಓದಿದಳು, ಅವನು 81 ಓದಿದ.

ಆಗಲೇ ಕರೆಂಟ್ ಹೋಯಿತು. ಜನರೇಟರ್ ಮೊದಲು ಚೇಂಬರ್‌ಗೆ, ಆಮೇಲೆ ಆಫೀಸಿಗೆ. ಆ ಐದು ನಿಮಿಷ ಇಬ್ಬರೂ ಕತ್ತಲಾದ ಸ್ಕ್ರೀನ್ ಮುಂದೆ ಕೂತು ಬಾಯಿಲೆಕ್ಕದಲ್ಲೇ ಜಗಳ ಆಡಿದರು. ಹೊರಗೆ ಡ್ರೈವರ್ ಹಾರ್ನ್ ಹೊಡೆದ. "ಅಹೋ ಸಾಹೇಬ್ರ, ರಾತ್ರಿ ಊರು ಮುಟ್ಟಬೇಕ್ರಿ!"

"ಆರೂವರೆಗೆ ಗೊತ್ತಾಗ್ತದ" ಅಂದರು ಇಬ್ಬರೂ. ಆ ಮಧ್ಯಾಹ್ನ ಅವರು ಒಪ್ಪಿದ ಮಾತು ಅದೊಂದೇ.

ಶನಿವಾರ ರಾತ್ರಿ ಎಂಟಕ್ಕೆ ಹೊಡೆದ ಸ್ಕ್ಯಾನ್ ಆ ದಿನದ ಸಿಂಕ್‌ಗೆ ಸಿಕ್ಕಿರಲಿಲ್ಲ. ಭಾನುವಾರ ರಜೆ, ಸಿಂಕ್ ಇಲ್ಲ. ಅಂದರೆ ಆ 240 ಬಾಕ್ಸಿನ ಅಸಲಿ ಸಂಗತಿ ಎರಡು ದಿನದಿಂದ ಸ್ಕ್ಯಾನರ್ ಒಳಗೇ ಕೂತಿದೆ. ಬಸಣ್ಣ ಆರಕ್ಕೇ ಹೋಗಿ ಅದನ್ನು ಚಾರ್ಜರ್ ಮೇಲಿಟ್ಟು, ಹಸಿರು ದೀಪ ಹತ್ತಿದ್ದನ್ನು ನನ್ನನ್ನೂ ಕರೆದು ತೋರಿಸಿದ. ಸಾಕ್ಷಿ ಬೇಕಲ್ವಾ.

ಆರು ಇಪ್ಪತ್ತೊಂಬತ್ತಕ್ಕೆ ಶೋಭಕ್ಕನ ಕುರ್ಚಿ ಹಿಂದೆ ಬಸಣ್ಣ, ನಾನು, ಡ್ರೈವರ್, ದುರ್ಗಪ್ಪ. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚಕ್ರ ತಿರುಗಿತು. ನಿಂತಿತು. ಶೋಭಕ್ಕ ರಿಫ್ರೆಶ್ ಒತ್ತಿದಳು.

ಒಟ್ಟು 11,380.

"ನೋಡ್ರಿ!" ಶೋಭಕ್ಕ ಕುರ್ಚಿ ಸಮೇತ ಹಿಂದಕ್ಕೆ ತಿರುಗಿದಳು. "ಯಾರ ಶೀಟ್ ಖರೇ? ಹೇಳ್ರಿ ಈಗ, ಯಾರದು?"

ಬಸಣ್ಣನ ಕಣ್ಣು ಪರದೆ ಬಿಟ್ಟಿರಲಿಲ್ಲ. "ಸ್ವಲ್ಪ ಕೆಳಗ ಹೋಗ್ರಿ" ಅಂದ.

```
T-118   CH-3   240   IN
T-181   CH-3     0   OUT  SAT 20:10
```

ಯಾರೂ ಮಾತಾಡಲಿಲ್ಲ. ದುರ್ಗಪ್ಪ ಮಾತ್ರ ಹೊರಗೆ ಹೋಗಿ ಹುಡುಗರನ್ನು ಎಬ್ಬಿಸತೊಡಗಿದ.

ಹೋದದ್ದು 181. ಶೋಭಕ್ಕ ಅದನ್ನು 118ರ ಮುಂದೆ ಬರೆದಿದ್ದಳು. ಹಾಗಾಗಿ ಮೊತ್ತ ಸರಿ, ಲಾಟ್ ತಪ್ಪು. ಬಸಣ್ಣ ಅದನ್ನು ಬರೆದೇ ಇರಲಿಲ್ಲ. ಹಾಗಾಗಿ 118 ಸರಿ, ಮೊತ್ತ ತಪ್ಪು.

"ಮೊತ್ತ ನಂದು ಸರಿ ಬಂತು" ಅಂದಳು ಶೋಭಕ್ಕ, ದನಿ ಸ್ವಲ್ಪ ಇಳಿಸಿ.

"ಲಾರಿ ಬಂದಿದ್ದು ಮೊತ್ತ ಒಯ್ಯಾಕ ಅಲ್ರಿ ಅಕ್ಕಾರ, ಮಾಲು ಒಯ್ಯಾಕ."

"ಸೀಮಂತಕ್ಕ ಹೋಗಿ ಒಂದು ಪೂರಾ ಲಾರಿ ಮರತವ್ರು ನನಗ ಹೇಳಾಕ ಬರಬ್ಯಾಡ್ರಿ."

"ಮರತಿಲ್ಲ, ಗೊತ್ತ ಇರಲಿಲ್ಲ!"

ಗೇಟ್ ಪಾಸ್ ಬರೆಯುವಾಗ ಅವಳು ಒಂದೊಂದೇ ಅಂಕಿ ಬಾಯಿಬಿಟ್ಟು ಹೇಳಿದಳು. ಅವನು ಪಕ್ಕದಲ್ಲಿ ನಿಂತು ಒಂದೊಂದಕ್ಕೂ "ಹೂಂ" ಅಂದ. ಮುಂದಿನ ಸಾಲು ತೆಗೆದ ಕೂಲಿಯನ್ನು ದುರ್ಗಪ್ಪ ಇಬ್ಬರ ಹೆಸರಿಗೂ ಅರ್ಧರ್ಧ ಬರೆದುಕೊಂಡ. ಅದಕ್ಕೆ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ.

ಎಂಟೂಕಾಲಿಗೆ ಲಾರಿ ಕಾಟಾದ ಮೇಲೆ ಬಂತು. ತೂಕ ಹಾಕಿ ಚೀಟಿ ಕೊಟ್ಟು ಕಳಿಸಿದೆ. ಅದರ ಬೆನ್ನಿಗೇ ಸಾವಕಾರ್ರ ಫೋನ್ ಬಂತು. ಶೋಭಕ್ಕ ಸ್ಪೀಕರ್‌ಗೆ ಹಾಕಿದಳು.

"ಏನವ್ವಾ, ಲೈವ್ ಶೀಟ್ ನೋಡಾಕತ್ತೀನಿ. ಸ್ಟಾಕ್ 11,380 ಅಲ್ಲ? ಬ್ಯಾಂಕಿನವ್ರಿಗೆ ಅದನ್ನ ಕಳಸ್ಲೇನು?"

"ಅದನ್ನ ನಂಬಬ್ಯಾಡ್ರಿ ಸಾವಕಾರ!" ಇಬ್ಬರೂ ಒಂದೇ ಉಸಿರಿಗೆ ಕೂಗಿದರು. ಬಸಣ್ಣ ಫೋನಿನ ಹತ್ತಿರ ಬಗ್ಗಿದ. "11,140 ಐತ್ರಿ. ಶೋಭಕ್ಕಾರ ಶೀಟ್‌ನ್ಯಾಗ ಬರೋಬ್ಬರಿ ಐತಿ, ಅದನ್ನ ಕಳಸ್ತೀವಿ."